ಮೆಣಸಿನಕಾಯಿ ದುಡ್ಡಿನಲ್ಲಿ ಮನೆಗೆ ಸಂಬಳ, ಮುಪ್ಪಿಗೆ ಪಿಂಚಣಿ: ಒಣಬೇಸಾಯದ ಕುಟುಂಬಕ್ಕೊಂದು ಲೆಕ್ಕ

ಉಳಿತಾಯದ ಬಗ್ಗೆ ಎಲ್ಲಿ ಕೇಳಿದರೂ ಒಂದೇ ಮಾತು ಹೇಳುತ್ತಾರೆ: ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಳ್ಳಿ, ಪ್ರತಿ ತಿಂಗಳು ಇಷ್ಟು ಕಟ್ಟುತ್ತಾ ಹೋಗಿ. ಇದು ಸಂಬಳದವರ ಲೆಕ್ಕ. ಕುಂದಗೋಳ, ಬ್ಯಾಡಗಿ, ಗದಗ ಕಡೆಯ ಎರಿ ಹೊಲದ ರೈತನಿಗೆ ತಿಂಗಳು ಅನ್ನುವುದೇ ಲೆಕ್ಕಕ್ಕೆ ಬರುವುದಿಲ್ಲ. ಆಗಸ್ಟ್ ಕೊನೆಗೆ ಹೆಸರುಕಾಳು ಬಂದಾಗ ಸ್ವಲ್ಪ ದುಡ್ಡು, ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಮತ್ತು ಕಡಲೆಯದು ದೊಡ್ಡ ದುಡ್ಡು. ನಡುವೆ ಬರೀ ಹೋಗುವುದು, ಬರುವುದಿಲ್ಲ. ಒಂದು ಪೀಕು ಕೈಕೊಟ್ಟರೆ ಮುಂದಿನದು ಬರಲು ಆರು ತಿಂಗಳಲ್ಲ, ವರ್ಷವೇ ಬೇಕು.

ಹಾಗಾಗಿ ಇಲ್ಲಿ ಹೇಳುವುದೆಲ್ಲ ಎರಡು ನಿಯಮದ ಮೇಲೆ ನಿಂತಿದೆ. ಮೀಸಲು ಹಣವನ್ನು ಅಳೆಯಬೇಕಾದದ್ದು ತಿಂಗಳಿನಿಂದಲ್ಲ, ನಿಮ್ಮ ಹೊಲದ ಕೆಟ್ಟ ವರ್ಷದಿಂದ. ಕಟ್ಟಬೇಕಾದ ಕಂತುಗಳ ದಿನಾಂಕ ಬ್ಯಾಂಕಿನವರ ಅನುಕೂಲಕ್ಕಲ್ಲ, ರಾಶಿಯ ಹೊತ್ತಿಗೆ ಬೀಳಬೇಕು.

ಲೆಕ್ಕ ತಿಳಿಯಲು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಗಂಡನಿಗೆ 38, ಹೆಂಡತಿಗೆ 35. ನಾಲ್ಕೂವರೆ ಎಕರೆ ಮಳೆಯಾಶ್ರಿತ ಹೊಲ. ಎರಡೂವರೆ ಎಕರೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ, ಉಳಿದದ್ದರಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮದನ್ನು ಹಾಕಿಕೊಂಡು ಇದೇ ದಾರಿಯಲ್ಲಿ ನಡೆದರಾಯಿತು.

ಮೊದಲ ಹೆಜ್ಜೆ: ಐದು ವರ್ಷದ ಪಟ್ಟಿ ತೆಗೆಯಿರಿ

ದಲಾಲಿ ಅಂಗಡಿ ಕೊಡುವ ಮಾರಾಟದ ಚೀಟಿ, ಅಂದರೆ ಪಟ್ಟಿಗಳನ್ನು ಹೆಚ್ಚಿನವರು ಟ್ರಂಕಿನಲ್ಲೋ ದೇವರ ಮನೆಯ ಮಾಡಿನಲ್ಲೋ ಇಟ್ಟಿರುತ್ತಾರೆ. ಅವನ್ನು ತೆಗೆದು ಐದು ವರ್ಷದ ಒಟ್ಟು ಮಾರಾಟ ಬರೆದುಕೊಳ್ಳಿ. ಪಟ್ಟಿ ಕಳೆದಿದ್ದರೆ ಬ್ಯಾಂಕ್ ಪಾಸ್‌ಬುಕ್ ಸಾಕು. ಪ್ರತಿ ವರ್ಷದ ಮಾರಾಟದಿಂದ ಬೀಜ, ಗೊಬ್ಬರ, ಔಷಧ, ಆಳು, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಕಳೆಯಿರಿ. ಮೆಣಸಿನಕಾಯಿ ಬಿಡಿಸುವ ಕೂಲಿ ಮರೆಯಬೇಡಿ. ಎರಡು ಮೂರು ಸಲ ಬಿಡಿಸುವುದರಿಂದ ಅದೇ ದೊಡ್ಡ ಖರ್ಚು, ಆದರೆ ವಾರವಾರ ಚಿಲ್ಲರೆಯಾಗಿ ಹೋಗುವ ಕಾರಣ ನೆನಪಿನಲ್ಲಿ ಉಳಿಯುವುದಿಲ್ಲ.

ನಮ್ಮ ಕುಟುಂಬದ ಐದು ವರ್ಷದ ನಿವ್ವಳ ಹೀಗಿತ್ತು ಅನ್ನೋಣ: 1.9 ಲಕ್ಷ, 30 ಸಾವಿರ, 1.7 ಲಕ್ಷ, 2.4 ಲಕ್ಷ, 1.2 ಲಕ್ಷ. ಸರಾಸರಿ ಒಂದೂವರೆ ಲಕ್ಷ. ಈ ಸರಾಸರಿಯನ್ನು ನಂಬಿ ಮನೆ ಖರ್ಚು ನಿಗದಿ ಮಾಡಿದರೆ ಐದರಲ್ಲಿ ಎರಡು ವರ್ಷ ಸಾಲ ಮಾಡಲೇಬೇಕಾಗುತ್ತದೆ. ನನ್ನ ಸಲಹೆ ಬೇರೆ: ಐದನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಕೆಳಗಿನಿಂದ ಎರಡನೆಯದನ್ನು ಹಿಡಿಯಿರಿ. ಇಲ್ಲಿ ಅದು 1.2 ಲಕ್ಷ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 10,000. ಅದೇ ಮನೆಯ ಸಂಬಳ. ಎಮ್ಮೆಯ ಹಾಲಿನ ದುಡ್ಡು, ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದು ಇದರ ಮೇಲೆ. ಸರ್ಕಾರ ಬದಲಾದರೆ ಬದಲಾಗಬಹುದಾದ ದುಡ್ಡನ್ನು ಬುನಾದಿಯಲ್ಲಿ ಸೇರಿಸಬಾರದು.

ಹತ್ತು ಸಾವಿರದಲ್ಲಿ ಮನೆ ನಡೆಯುವುದೇ ಇಲ್ಲ ಎಂದಾದರೆ ಅದು ಉಳಿತಾಯದ ಸಮಸ್ಯೆಯಲ್ಲ, ಆದಾಯದ ಸಮಸ್ಯೆ. ಆಗ ಪಿಂಚಣಿಯ ಮಾತಿಗಿಂತ ಮೊದಲು ಇನ್ನೊಂದು ಎಮ್ಮೆಯ ಮಾತು ಆಗಬೇಕು.

ಎರಡನೆಯದು: ಪಟ್ಟಿಯ ದುಡ್ಡು ಬಂದ ವಾರವೇ ಮೂರು ಪಾಲು

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಟೆಂಡರ್. ಪಟ್ಟಿ ಕೈಗೆ ಬಂದು ದುಡ್ಡು ಖಾತೆಗೆ ಬಿದ್ದ ವಾರವೇ ಅದನ್ನು ಒಡೆಯಬೇಕು. ಒಂದೇ ಖಾತೆಯಲ್ಲಿ ಒಂದೂವರೆ ಲಕ್ಷ ಕಂಡರೆ ಬೈಕ್ ಬದಲಿಸುವ ಮಾತು ತಾನಾಗಿ ಬರುತ್ತದೆ. ಮುಂದಿನ ಬಿತ್ತನೆ ಮತ್ತು ಯುಗಾದಿಯವರೆಗಿನ ರೇಷನ್ ಎರಡೂ ಅದರಲ್ಲೇ ಇದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ಮೊದಲ ಪಾಲು ಮನೆಯ ಸಂಬಳ. ಮಾರಾಟದ ದುಡ್ಡು ಬೀಳುವ ಖಾತೆ ಒಂದು, ಮನೆ ಖರ್ಚಿನ ಖಾತೆ ಇನ್ನೊಂದು. ಎರಡನೆಯದು ಹೆಂಡತಿಯ ಹೆಸರಿನಲ್ಲಿದ್ದರೆ ಚೆಂದ. ಬ್ಯಾಂಕಿಗೆ ಹೋಗಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ: ಪ್ರತಿ ತಿಂಗಳ 1ರಂದು ಮೊದಲ ಖಾತೆಯಿಂದ ಎರಡನೆಯದಕ್ಕೆ 10,000 ಹೋಗಲಿ. ಇಷ್ಟು ಮಾಡಿದರೆ ಮನೆಗೆ ನೌಕರಿಯವರ ಹಾಗೆ ಸಂಬಳ ಶುರುವಾಗುತ್ತದೆ.

ಎರಡನೆಯ ಪಾಲು ಬಿತ್ತನೆಯದು. ಮಾರ್ಚ್‌ನಲ್ಲಿ ಬಂದ ದುಡ್ಡಿನಿಂದ ಜೂನ್‌ಗೆ ಬೇಕಾದಷ್ಟನ್ನು ಮೇ ಕೊನೆಗೆ ಮುಗಿಯುವ ಅಲ್ಪಾವಧಿ ಠೇವಣಿಯಲ್ಲಿ ಇಡಿ. ಬಡ್ಡಿ ಹೆಚ್ಚೇನೂ ಬರುವುದಿಲ್ಲ. ಮದುವೆ ಸೀಸನ್ ದಾಟುವವರೆಗೆ ದುಡ್ಡು ಕಣ್ಣಿಗೆ ಬೀಳದೆ ಇದ್ದರೆ ಅದೇ ಲಾಭ.

ಈ ಪಾಲಿನ ಜೊತೆಗೇ ಸೊಸೈಟಿ ಸಾಲದ ಮಾತು ಬರುತ್ತದೆ, ಅಲ್ಲಿ ಸ್ವಲ್ಪ ನಿಲ್ಲಬೇಕು. ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ಅಲ್ಪಾವಧಿ ಬೆಳೆಸಾಲ ಶೂನ್ಯ ಬಡ್ಡಿಗೆ ಸಿಗುತ್ತದೆ. 2023–24ರ ಬಜೆಟ್‌ನಲ್ಲಿ ಅದರ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಶೂನ್ಯ ಬಡ್ಡಿಯ ಸಾಲವನ್ನು ಅವಧಿಗೆ ಮೊದಲೇ ತೀರಿಸುವ ಅವಸರ ಬೇಡ, ಅಷ್ಟು ದಿನ ಆ ದುಡ್ಡು ನಿಮ್ಮ ಠೇವಣಿಯಲ್ಲಿ ಇರಲಿ. ಆದರೆ ಕೊನೆಯ ದಿನಾಂಕ ದಾಟಿದರೆ ಶೂನ್ಯ ಬಡ್ಡಿಯ ಸೌಲಭ್ಯ ತಪ್ಪಿ ಬಡ್ಡಿ ಬೀಳುತ್ತದೆ. ಊರೂರಿನಲ್ಲಿ ನಡೆಯುವುದು ಏನೆಂದರೆ, ಗಡುವಿನ ವಾರದಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಕೈಸಾಲ ತಂದು ಸೊಸೈಟಿಗೆ ಕಟ್ಟುವುದು, ಹೊಸ ಸಾಲ ಮಂಜೂರಾದ ಮೇಲೆ ಅದರಿಂದ ಕೈಸಾಲ ತೀರಿಸುವುದು. ಹೊಸ ಸಾಲ ಎರಡು ವಾರ ತಡವಾದರೆ ಬಡ್ಡಿಯೂ ಅಷ್ಟು ಬೆಳೆಯುತ್ತದೆ. ಹೆಸರಿಗೆ ಶೂನ್ಯ ಬಡ್ಡಿ, ನಿಜದಲ್ಲಿ ಅಲ್ಲ. ಬಿತ್ತನೆಯ ಪಾಲಿನ ಠೇವಣಿ ಸೊಸೈಟಿಯ ಗಡುವಿಗೆ ವಾರ ಮೊದಲು ಮುಗಿಯುವಂತೆ ಇಟ್ಟರೆ ಈ ಕೈಸಾಲದ ಅಗತ್ಯವೇ ಬೀಳದು. ಈ ಇಡೀ ಯೋಜನೆಯಲ್ಲಿ ಎಲ್ಲಕ್ಕಿಂತ ಬೇಗ ಲಾಭ ಕೊಡುವ ಹೆಜ್ಜೆ ಇದು.

ಮೂರನೆಯ ಪಾಲು ಬರದ ದುಡ್ಡು. ಅದಕ್ಕೆ ಬೇರೆಯದೇ ಲೆಕ್ಕವಿದೆ.

ಬರದ ದುಡ್ಡು ಎಷ್ಟು, ಎಲ್ಲಿ

ಕೆಟ್ಟ ವರ್ಷದ ನಿವ್ವಳ 30 ಸಾವಿರ, ಮನೆಗೆ ಬೇಕಾದದ್ದು 1.2 ಲಕ್ಷ. ಕೊರತೆ 90 ಸಾವಿರ. ಅದೇ ಮೊದಲ ಗುರಿ. ಎರಡನೆಯ ಗುರಿ ಅದರ ಎರಡರಷ್ಟು, 1.8 ಲಕ್ಷ, ಏಕೆಂದರೆ ಕೆಟ್ಟ ವರ್ಷಗಳು ಒಂಟಿಯಾಗಿ ಬರುವುದು ಕಡಿಮೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಅದರ ಬೆನ್ನಿಗೇ 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಏಕಾಏಕಿ ಕುಸಿದು, ಸಿಟ್ಟಿಗೆದ್ದ ರೈತರಿಂದ ಎಪಿಎಂಸಿ ಕಚೇರಿಗೆ ಬೆಂಕಿ ಬೀಳುವ ಮಟ್ಟಕ್ಕೆ ಹೋಯಿತು. ಮಳೆ ಒಂದು ಸಲ ಕೈಕೊಟ್ಟರೆ ದರ ಇನ್ನೊಂದು ಸಲ ಕೈಕೊಡುತ್ತದೆ. ಬೆಳೆವಿಮೆ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಅದು ಇಳುವರಿ ಅಥವಾ ಹವಾಮಾನದ ನಷ್ಟಕ್ಕೆ, ದರ ಬಿದ್ದದ್ದಕ್ಕೆ ಪರಿಹಾರ ಕೊಡುವುದಿಲ್ಲ.

ಈಗ ಆ ಐದು ವರ್ಷಗಳನ್ನು ಮತ್ತೆ ನಡೆಸಿ ನೋಡಿ. ಮೊದಲ ವರ್ಷ ಸಂಬಳ ಕಳೆದು 70 ಸಾವಿರ ಉಳಿಯಿತು. ಎರಡನೆಯ ವರ್ಷ 90 ಸಾವಿರ ಬೇಕಾಯಿತು, ಅಂದರೆ 20 ಸಾವಿರ ಕಡಿಮೆ ಬಿತ್ತು. ಮೊದಲ ಸುತ್ತಿನಲ್ಲಿ ಹೀಗಾಗುವ ಸಾಧ್ಯತೆ ಇದ್ದೇ ಇದೆ. ಆ 20 ಸಾವಿರಕ್ಕೆ ಬ್ಯಾಂಕಿನಲ್ಲಿ ಬಂಗಾರ ಅಡವಿಟ್ಟರೆ ತಪ್ಪಿಲ್ಲ. 90 ಸಾವಿರಕ್ಕೂ ಅಡವಿಡುವುದಕ್ಕಿಂತ ಅದು ಎಷ್ಟೋ ಹಗುರ. ಮೂರನೆಯ ವರ್ಷ ಉಳಿದ 50 ಸಾವಿರದಲ್ಲಿ ಬಂಗಾರ ಬಿಡಿಸಿ ಸುಮಾರು 30 ಸಾವಿರ ಉಳಿಯಿತು. ನಾಲ್ಕನೆಯ ವರ್ಷ 1.2 ಲಕ್ಷ ಸೇರಿ ಒಂದೂವರೆ ಲಕ್ಷದ ಹತ್ತಿರ ಹೋಯಿತು. ಐದನೆಯದರಲ್ಲಿ ಬಂದದ್ದೂ ಹೋದದ್ದೂ ಸಮ. ಅಂದರೆ ಐದು ವರ್ಷದಲ್ಲಿ ಮೊದಲ ಗುರಿ ದಾಟಿ, ಎರಡನೆಯದರ ಹತ್ತಿರ ಬಂದ ಹಾಗಾಯಿತು.

ದುಡ್ಡನ್ನು ಒಂದೇ ಠೇವಣಿಯಾಗಿ ಇಡಬೇಡಿ. 25–30 ಸಾವಿರದ ಐದಾರು ತುಂಡು ಮಾಡಿ ಒಂದೊಂದು ವರ್ಷದ ಠೇವಣಿ ಇಡಿ. ಆಗ ಆಸ್ಪತ್ರೆಗೆ 25 ಸಾವಿರ ಬೇಕಾದಾಗ ಒಂದನ್ನು ಮುರಿದರೆ ಸಾಕು, ಉಳಿದವುಗಳ ಬಡ್ಡಿಗೆ ಪೆಟ್ಟಿಲ್ಲ. ಇಡುವ ಜಾಗದ ಬಗ್ಗೆ ಎರಡು ಎಚ್ಚರಿಕೆ ಇದೆ.

ಒಂದು, ಸಾಲ ತೆಗೆದ ಬ್ಯಾಂಕಿನಲ್ಲಿ ಬರದ ದುಡ್ಡು ಇಡಬೇಡಿ. ಸಾಲ ಸುಸ್ತಿಯಾದರೆ ಅದೇ ಬ್ಯಾಂಕಿನಲ್ಲಿರುವ ನಿಮ್ಮ ದುಡ್ಡನ್ನು ತಡೆಹಿಡಿದು ಸಾಲಕ್ಕೆ ಹೊಂದಿಸಿಕೊಳ್ಳಲು ಬ್ಯಾಂಕಿಗೆ ದಾರಿಯಿದೆ. ಸುಸ್ತಿಯಾಗುವುದು ಬರದ ವರ್ಷವೇ, ಆ ದುಡ್ಡು ಬೇಕಾಗುವುದೂ ಆಗಲೇ.

ಇನ್ನೊಂದು, ಬ್ಯಾಂಕಿಗೂ ಸೊಸೈಟಿಗೂ ಇರುವ ವ್ಯತ್ಯಾಸ. ಬ್ಯಾಂಕಿನಲ್ಲಿ ಇಟ್ಟ ದುಡ್ಡಿಗೆ, ಡಿಸಿಸಿ ಬ್ಯಾಂಕ್ ಮತ್ತು ಪಟ್ಟಣ ಸಹಕಾರಿ ಬ್ಯಾಂಕ್ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಹಳ್ಳಿಯ ಸೊಸೈಟಿಗೂ ಪತ್ತಿನ ಸೌಹಾರ್ದ ಸಹಕಾರಿಗೂ ಆ ವಿಮೆ ಇಲ್ಲ. ಅಲ್ಲಿ ಒಂದೂವರೆ, ಎರಡು ಪರ್ಸೆಂಟ್ ಹೆಚ್ಚು ಬಡ್ಡಿ ಕೊಡುತ್ತಾರೆ ಎಂದು ಬರದ ದುಡ್ಡನ್ನು ಒಯ್ದಿಟ್ಟರೆ, ಬರದ ವರ್ಷ ಎಲ್ಲರೂ ಒಟ್ಟಿಗೇ ವಾಪಸ್ ಕೇಳುವಾಗ ಸಾಲಿನಲ್ಲಿ ನಿಲ್ಲಬೇಕಾದೀತು. ಸೊಸೈಟಿಯಿಂದ ಸಾಲ ತನ್ನಿ, ಉಳಿತಾಯಕ್ಕೆ ಬ್ಯಾಂಕ್ ಅಥವಾ ಅಂಚೆ ಕಚೇರಿ.

ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಚೀಲಗಳನ್ನು ಉಳಿತಾಯ ಅಂದುಕೊಳ್ಳುವವರು ಬಹಳ ಜನ. ಅದು ಉಳಿತಾಯವಲ್ಲ, ದರ ಏರುತ್ತದೆ ಎಂಬ ಪಂದ್ಯ. ಬರದ ದುಡ್ಡು ತುಂಬಿದ ಮೇಲೆ ಬೇಕಾದರೆ ಕಾಲು ಭಾಗ ಇಡಿ, ಮೊದಲಲ್ಲ.

ಸಂಬಳ ಹೆಚ್ಚು ಇಟ್ಟುಕೊಂಡಿದ್ದೀರೋ ಇಲ್ಲವೋ ಎಂದು ತಿಳಿಯಲು ಒಂದೇ ಗುರುತು ನೋಡಿ: ನವೆಂಬರ್, ಡಿಸೆಂಬರ್‌ನಲ್ಲಿ ಬಿಡಿಸುವ ಕೂಲಿಗೆಂದು ದಲಾಲಿ ಅಂಗಡಿಯಿಂದ ಮುಂಗಡ ತರಬೇಕಾಯಿತೇ? ತಂದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ. ಮುಂಗಡ ತಂದವರು ಮಾಲನ್ನು ಅದೇ ಅಂಗಡಿಗೆ ಹಾಕಬೇಕು. ದರ ಬಿದ್ದ ದಿನ ಮಾರದೆ ವಾರ ಕಾಯುವ ಸ್ವಾತಂತ್ರ್ಯ ಅಲ್ಲಿಗೆ ಹೋಯಿತು.

ಪಿಂಚಣಿ: ನಲವತ್ತು ದಾಟುವ ಮೊದಲು

ಬರದ ದುಡ್ಡು ತುಂಬುವವರೆಗೆ ಪಿಂಚಣಿ ಕಾಯಲಿ ಅನ್ನುವಂತಿಲ್ಲ. ನಮ್ಮ ಗಂಡನಿಗೆ 38. ಪ್ರಧಾನ ಮಂತ್ರಿ ಕಿಸಾನ್ ಮಾನಧನ್ ಯೋಜನೆಗೆ ಸೇರಲು 18ರಿಂದ 40ರೊಳಗಿನ ವಯಸ್ಸಾಗಿರಬೇಕು, ಸಾಗುವಳಿ ಜಮೀನು 2 ಹೆಕ್ಟೇರ್, ಅಂದರೆ ಐದು ಎಕರೆಯ ಒಳಗಿರಬೇಕು, ಪಹಣಿಯಲ್ಲಿ ಹೆಸರಿರಬೇಕು. 2019ರ ಸೆಪ್ಟೆಂಬರ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ ನೀವು ಕಟ್ಟಿದಷ್ಟೇ ದುಡ್ಡನ್ನು ಕೇಂದ್ರ ಸರ್ಕಾರವೂ ಕಟ್ಟುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ. 38ಕ್ಕೆ ಸೇರಿದರೆ ಕಂತು ತಿಂಗಳಿಗೆ 180, 35ಕ್ಕೆ ಸೇರಿದರೆ 150. ಹೆಂಡತಿಯೂ ಬೇರೆಯಾಗಿ ಸೇರಿ ತನ್ನದೇ 3,000 ಪಡೆಯಬಹುದು.

ಇಬ್ಬರದೂ ಸೇರಿ ವರ್ಷಕ್ಕೆ 3,960. ಪಿಎಂ ಕಿಸಾನ್‌ನಿಂದ ಬರುವುದು ವರ್ಷಕ್ಕೆ 6,000. ಸಿಎಸ್‌ಸಿ ಕೇಂದ್ರದಲ್ಲಿ ನೋಂದಣಿ ಮಾಡಿಸುವಾಗ ಪಿಎಂ ಕಿಸಾನ್ ಬೀಳುವ ಖಾತೆಯನ್ನೇ ಕೊಟ್ಟು, ಕಂತು ಅಲ್ಲಿಂದಲೇ ಕಡಿತವಾಗಲಿ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ. ಕಂತನ್ನು ತಿಂಗಳಿಗೊಮ್ಮೆ ಅಲ್ಲದೆ ನಾಲ್ಕು ತಿಂಗಳಿಗೊಮ್ಮೆ ಕಟ್ಟುವ ಆಯ್ಕೆಯೂ ಇದೆ, ಅದು ಪಿಎಂ ಕಿಸಾನ್‌ನ ಮೂರು ಕಂತುಗಳಿಗೆ ಹೊಂದುತ್ತದೆ. ಹೊಲದ ದುಡ್ಡಿಗೆ ಕೈಹಾಕದೆ ಇಬ್ಬರ ಪಿಂಚಣಿಯೂ ನಡೆಯುತ್ತದೆ.

ಇದರ ಮಿತಿಯೂ ಗೊತ್ತಿರಲಿ. ಒಬ್ಬರು ತೀರಿಕೊಂಡರೆ ಸಂಗಾತಿಗೆ ಅರ್ಧ, 1,500 ಸಿಗುತ್ತದೆ. ಇಬ್ಬರೂ ಹೋದ ಮೇಲೆ ಮಕ್ಕಳಿಗೆ ಏನೂ ಬರುವುದಿಲ್ಲ. ಇಪಿಎಫ್, ಇಎಸ್‌ಐ, ಅಥವಾ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್ ಇರುವವರಿಗೆ ಪ್ರವೇಶವಿಲ್ಲ.

ಜಮೀನು 2 ಹೆಕ್ಟೇರ್ ಮೀರಿದೆ, ಅಥವಾ ಪಹಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ ಎಂದಾದರೆ ಅಟಲ್ ಪಿಂಚಣಿ ಯೋಜನೆ ಇದೆ. ಅದಕ್ಕೂ ವಯಸ್ಸಿನ ಮಿತಿ 40, ಆದಾಯ ತೆರಿಗೆ ಕಟ್ಟುವವರು ಸೇರುವಂತಿಲ್ಲ. ತಡವಾದಷ್ಟೂ ಕಂತು ಹೇಗೆ ಏರುತ್ತದೆ ನೋಡಿ: ತಿಂಗಳಿಗೆ 5,000 ಪಿಂಚಣಿಗೆ 30ನೇ ವಯಸ್ಸಿನಲ್ಲಿ ಸೇರಿದರೆ 577, 35ಕ್ಕೆ 902, 40ಕ್ಕೆ 1,454. ಇದರಲ್ಲಿ ಅರ್ಧ ವರ್ಷಕ್ಕೊಮ್ಮೆ ಕಟ್ಟುವ ಆಯ್ಕೆ ಕೇಳಿ ತೆಗೆದುಕೊಳ್ಳಿ. ಕಂತಿನ ದಿನಾಂಕ ಮೊದಲು ಕಟ್ಟಿದ ದಿನಾಂಕವನ್ನು ಅನುಸರಿಸುತ್ತದೆ. ಮಾರ್ಚ್‌ನಲ್ಲಿ ಸೇರಿದರೆ ಮುಂದಿನದು ಸೆಪ್ಟೆಂಬರ್, ಅಂದರೆ ಒಂದು ಮೆಣಸಿನಕಾಯಿಯ ದುಡ್ಡಿಗೆ, ಇನ್ನೊಂದು ಹೆಸರಿನ ದುಡ್ಡಿಗೆ. ಜೂನ್‌ನಲ್ಲಿ ಸೇರಿದವರಿಗೆ ಕಂತು ಜೂನ್ ಮತ್ತು ಡಿಸೆಂಬರ್‌ಗೆ ಬೀಳುತ್ತದೆ, ಎರಡೂ ಕೈ ಖಾಲಿ ಇರುವ ಹೊತ್ತು.

ಇನ್ನು 3,000 ರೂಪಾಯಿಯ ನಿಜವಾದ ಬೆಲೆ ಎಷ್ಟು? ಬೆಲೆ ಏರಿಕೆ ವರ್ಷಕ್ಕೆ ನೂರಕ್ಕೆ 6ರಂತೆ ಹಿಡಿದರೆ, 22 ವರ್ಷದ ನಂತರದ 3,000 ಇವತ್ತಿನ ಸುಮಾರು 830 ರೂಪಾಯಿಗೆ ಸಮ. ಇಬ್ಬರ ಪಿಂಚಣಿಯನ್ನೂ ಇದೇ ಲೆಕ್ಕದಲ್ಲಿ ಹಿಡಿದರೆ ಇವತ್ತಿನ 1,670 ರೂಪಾಯಿ. ಅಕ್ಕಿ ಬೇಳೆ ಬಂದೀತು, ಬಿಪಿ ಶುಗರ್ ಗುಳಿಗೆಗೆ ಸಾಲದು. ಅದಕ್ಕೇ ಇನ್ನೊಂದು ಕಾಲು ಬೇಕು.

ಎರಡನೆಯ ಕಾಲು: ಪಿಪಿಎಫ್

ಮಾರ್ಚ್‌ನಲ್ಲಿ ಕೈಯಲ್ಲಿ ದುಡ್ಡಿರುವುದು ವಿಮಾ ಏಜೆಂಟರಿಗೂ ಗೊತ್ತು. ತೆರಿಗೆ ಉಳಿಯುತ್ತದೆ ಎಂದು ಪಾಲಿಸಿ ಹಿಡಿದು ಬರುತ್ತಾರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲದಿರುವಾಗ ಉಳಿಸುವುದು ಏನನ್ನು? ಮೇಲಾಗಿ ವರ್ಷವರ್ಷ ಇಷ್ಟೇ ಕಟ್ಟಬೇಕೆಂಬ ಪಾಲಿಸಿ ಬರದ ವರ್ಷ ಮಧ್ಯದಲ್ಲೇ ನಿಲ್ಲುತ್ತದೆ, ಕಟ್ಟಿದ್ದರಲ್ಲಿ ಒಂದಿಷ್ಟು ಕೈತಪ್ಪುತ್ತದೆ.

ಪಿಪಿಎಫ್, ಅಂದರೆ ಸರ್ಕಾರದ 15 ವರ್ಷದ ಉಳಿತಾಯ ಖಾತೆ, ಒಣಬೇಸಾಯದವರಿಗೆ ಹೊಂದುವುದು ತೆರಿಗೆಯ ಕಾರಣಕ್ಕಲ್ಲ, ಅದು ಬಾಗುತ್ತದೆ ಎಂಬ ಕಾರಣಕ್ಕೆ. ವರ್ಷಕ್ಕೆ ಕನಿಷ್ಠ 500, ಗರಿಷ್ಠ ಒಂದೂವರೆ ಲಕ್ಷ. ಒಳ್ಳೆಯ ವರ್ಷ 80 ಸಾವಿರ ಹಾಕಿ, ಕೆಟ್ಟ ವರ್ಷ 500 ಹಾಕಿ ಖಾತೆ ಉಳಿಸಿಕೊಳ್ಳಿ. ಅದರಲ್ಲಿರುವ ದುಡ್ಡನ್ನು ಸಾಲಕ್ಕಾಗಿ ಕೋರ್ಟ್ ಕೂಡ ಜಪ್ತಿ ಮಾಡುವಂತಿಲ್ಲ, ಸಾಲದ ನೆರಳಿನಲ್ಲಿ ಬದುಕುವವರಿಗೆ ಇದು ದೊಡ್ಡ ಮಾತು. ಬಡ್ಡಿ 2020ರ ಏಪ್ರಿಲ್‌ನಿಂದ 7.1 ಪರ್ಸೆಂಟ್ ಇದೆ, ಮೂರು ತಿಂಗಳಿಗೊಮ್ಮೆ ಸರ್ಕಾರ ಪರಿಶೀಲಿಸುತ್ತದೆ.

ಖಾತೆಯನ್ನು ಮಾರ್ಚ್ 31ರೊಳಗೆ 500 ರೂಪಾಯಿ ಹಾಕಿ ತೆರೆಯಿರಿ. 15 ವರ್ಷದ ಎಣಿಕೆ ಆ ಆರ್ಥಿಕ ವರ್ಷದ ಕೊನೆಯಿಂದ ಶುರುವಾಗುತ್ತದೆ. ಏಪ್ರಿಲ್‌ಗೆ ಹೋದರೆ ಒಂದು ವರ್ಷ ಹಿಂದೆ ಬಿದ್ದಂತೆ. ಆ ಮೇಲೆ ಪ್ರತಿ ವರ್ಷದ ದೊಡ್ಡ ಮೊತ್ತವನ್ನು ಏಪ್ರಿಲ್ 5ರೊಳಗೆ ಹಾಕಿ. ತಿಂಗಳ 5ರ ನಂತರ ಹಾಕಿದ ದುಡ್ಡಿಗೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ. ಮೆಣಸಿನಕಾಯಿಯ ಕೊನೆಯ ಪಟ್ಟಿಗೂ ಈ ದಿನಾಂಕಕ್ಕೂ ಸರಿಯಾಗಿ ಕೂಡುತ್ತದೆ.

ನಮ್ಮ ಕುಟುಂಬ ಮೊದಲ ಐದು ವರ್ಷ ಬರೀ 500 ಹಾಕುತ್ತದೆ, ಏಕೆಂದರೆ ಹೆಚ್ಚಿನದೆಲ್ಲ ಬರದ ದುಡ್ಡಿಗೆ ಹೋಗುತ್ತಿದೆ. 43ರ ನಂತರ ಸಂಬಳ ಮತ್ತು ಬರದ ಕೊರತೆ ಕಳೆದು ಸರಾಸರಿ ವರ್ಷಕ್ಕೆ 30 ಸಾವಿರ ಉಳಿಯುತ್ತದೆ, ಅದು ಇಲ್ಲಿಗೆ. 53ಕ್ಕೆ ಅವಧಿ ಮುಗಿಯುತ್ತದೆ. ಆಗ ಒಂದು ವರ್ಷದೊಳಗೆ ಅರ್ಜಿ ಕೊಟ್ಟು ಐದು ವರ್ಷ ಮುಂದುವರಿಸಬೇಕು, ಕೊಡದಿದ್ದರೆ ಮತ್ತೆ ದುಡ್ಡು ಹಾಕಲು ಬರುವುದಿಲ್ಲ. 58ಕ್ಕೆ ಇನ್ನೊಮ್ಮೆ. 63ರ ಹೊತ್ತಿಗೆ, ಬಡ್ಡಿ ಹೀಗೇ ಇದ್ದರೆ, ಸುಮಾರು 13 ಲಕ್ಷ. ಅದನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ, ಈಗಿನ 8.2 ಪರ್ಸೆಂಟ್ ದರದಲ್ಲಿ ತಿಂಗಳ ಲೆಕ್ಕಕ್ಕೆ 9,000 ಚಿಲ್ಲರೆ, ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಆಗಿನ ದರ 6.5 ಆಗಿದ್ದರೆ 7,000ದ ಆಸುಪಾಸು. ಇವತ್ತಿನ ಬೆಲೆಯಲ್ಲಿ ಎರಡು ಸಾವಿರ ಚಿಲ್ಲರೆ ಅಥವಾ ಅದಕ್ಕಿಂತ ಕಡಿಮೆ ಎಂದೇ ಹಿಡಿದುಕೊಳ್ಳಿ.

ಈಗಾಗಲೇ 40 ದಾಟಿದವರಿಗೆ ಮೇಲಿನ ಎರಡೂ ಪಿಂಚಣಿ ಯೋಜನೆಗಳ ಬಾಗಿಲು ಮುಚ್ಚಿದೆ. ಅವರಿಗೆ ಪಿಪಿಎಫ್ ಅಥವಾ ಎನ್‌ಪಿಎಸ್. ಎನ್‌ಪಿಎಸ್‌ನಲ್ಲೂ ವರ್ಷಕ್ಕೆ ಕನಿಷ್ಠ 1,000 ಕಟ್ಟಿದರೆ ಸಾಕು, ಆದರೆ ಅದರ ಒಂದು ಭಾಗ ಷೇರುಪೇಟೆಯಲ್ಲಿ ಇರುತ್ತದೆ. ದರದ ಏರಿಳಿತ ಹೊಲದಲ್ಲೇ ಸಾಕಷ್ಟು ಇರುವವರು ಅದನ್ನು ಎರಡನೆಯ ಆಯ್ಕೆಯಾಗಿ ಇಟ್ಟುಕೊಳ್ಳಲಿ ಅನ್ನುವುದು ನನ್ನ ಅಭಿಪ್ರಾಯ.

ಮೂರನೆಯದು ಹೊಲವೇ

ಬೆಲೆ ಏರಿದಂತೆ ತಾನೂ ಏರುವ ಆದಾಯ ಈ ಪಟ್ಟಿಯಲ್ಲಿ ಒಂದೇ ಇದೆ, ಹೊಲವನ್ನು ಬೇರೆಯವರಿಗೆ ಉಳಲು ಕೊಟ್ಟಾಗ ಬರುವ ಲಾವಣಿ. ಎಕರೆಗೆ ವರ್ಷಕ್ಕೆ 10 ಸಾವಿರ ಅಂದರೂ ನಾಲ್ಕೂವರೆ ಎಕರೆಗೆ 45 ಸಾವಿರ, ತಿಂಗಳಿಗೆ 3,750. ಇಬ್ಬರಿಗೆ ಇವತ್ತಿನ ಬೆಲೆಯಲ್ಲಿ 8,000 ಬೇಕು ಎಂದರೆ ಲಾವಣಿ, ಎರಡು ಪಿಂಚಣಿ, ಪಿಪಿಎಫ್‌ನ ಬಡ್ಡಿ ಮೂರೂ ಸೇರಿ ಹತ್ತಿರಹತ್ತಿರ ಮುಟ್ಟುತ್ತದೆ. ಹೆಂಡತಿಗೆ 60 ಆಗುವುದು ಗಂಡನ 63ಕ್ಕೆ. ಅಲ್ಲಿಯವರೆಗೆ ಒಂದೆರಡು ಎಕರೆ ಸ್ವಂತಕ್ಕೆ ಬೆಳೆಯುವುದು ಇದ್ದೇ ಇರುತ್ತದೆ. 65ರ ನಂತರ ಆದಾಯದ ಮಿತಿಯೊಳಗಿದ್ದರೆ ಸಂಧ್ಯಾ ಸುರಕ್ಷಾದ 1,200 ಕೇಳಬಹುದು, ಆದರೆ ಅದನ್ನು ಲೆಕ್ಕದಲ್ಲಿ ಹಿಡಿಯಬೇಡಿ.

ಇದೆಲ್ಲ ನಿಲ್ಲುವುದು ಹೊಲ ನಿಮ್ಮ ಹೆಸರಿನಲ್ಲಿ ಇದ್ದರೆ. ಮಕ್ಕಳಿಗೆ ವಾಟ್ನಿ ಮಾಡುವಾಗ ಕನಿಷ್ಠ ಎರಡು ಎಕರೆ ಗಂಡ ಹೆಂಡತಿಯ ಹೆಸರಿನಲ್ಲೇ ಉಳಿಸಿಕೊಳ್ಳಿ. ದಾನಪತ್ರ ಮಾಡಿಕೊಡಲೇಬೇಕಾದ ಸಂದರ್ಭ ಬಂದರೆ, ಪಡೆದವರು ನಿಮ್ಮ ಊಟ, ಔಷಧ, ಆರೈಕೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಂ ಪ್ರಕಾರ, ಆ ಷರತ್ತು ಮುರಿದರೆ ದಾನಪತ್ರವನ್ನು ರದ್ದು ಮಾಡಿಸಲು ಉಪವಿಭಾಗಾಧಿಕಾರಿಯ ಮುಂದಿರುವ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಷರತ್ತು ಬಾಯಿಮಾತಿನಲ್ಲಿತ್ತು ಅಂದರೆ ಅರ್ಜಿ ನಿಲ್ಲುವುದು ಕಷ್ಟ, ಅಂಥ ಷರತ್ತು ಇತ್ತು ಎಂಬುದನ್ನು ಸಾಬೀತು ಮಾಡಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪತ್ರ ಬರೆಯುವವರು ಹಳೆಯ ನಮೂನೆ ನೋಡಿ ಬರೆದು ಈ ಸಾಲು ಬಿಟ್ಟುಬಿಡುವುದುಂಟು. ನೋಂದಣಿಗೆ ಮೊದಲು ಓದಿಸಿ ಕೇಳಿ.